ಅರ ಹಾಕಿದ ಹಲ್ಲುಗಳು

ಅವತ್ತು ನಾನು ಮಾವನ ಮೇಲೆ ದನಿ ಎತ್ತಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ಎತ್ತಲಿಲ್ಲ, ಸುಮ್ಮನೆ ಕೇಳಿದಿರಿ ಅಷ್ಟೆ ಎನ್ನುತ್ತಾಳೆ ಹೆಂಡತಿ. ಅವಳ ತಮ್ಮನನ್ನು ಕೇಳಿದರೆ, ಬಾವ ಬಾಯಿಯೇ ಬಿಡಲಿಲ್ಲ, ಗಿಯರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ಅಪ್ಪ ತಾನಾಗಿಯೇ ಹೇಳಿದ್ದು ಎನ್ನುತ್ತಾನೆ. ನನ್ನ ಕಿವಿಯಲ್ಲಿ ಇರುವುದು ಬೇರೆ. ಮೌಖಿಕ ಪರೀಕ್ಷೆಯಲ್ಲಿ ಎದುರು ಕೂತ ಹುಡುಗ ತಪ್ಪು ಉತ್ತರ ಕೊಟ್ಟಾಗ ನನ್ನ ಗಂಟಲಿಂದ ಹೊರಡುವ ಒಂದು ದನಿ ಇದೆ. ಮೆಲ್ಲಗಿರುತ್ತದೆ, ಮರ್ಯಾದೆಯಾಗಿಯೂ ಇರುತ್ತದೆ, ಆದರೆ ಹುಡುಗ ತಲೆ ತಗ್ಗಿಸುತ್ತಾನೆ. ಆ ದನಿಯಲ್ಲೇ ಕೇಳಿದೆ ಎಂದು ನನಗೆ ನೆನಪು. ನೆನಪನ್ನು ನಂಬುವ ಅಭ್ಯಾಸ ನನಗಿಲ್ಲ. ಒಂದೇ ಪ್ರಯೋಗವನ್ನು ನೋಡಿದ ಇಬ್ಬರು ಎರಡು ಥರ ಬರೆದಿಡುವುದನ್ನು ವರ್ಷವಿಡೀ ನೋಡುವವನು ನಾನು. ಆದರೂ ಈ ಒಂದು ವಿಷಯದಲ್ಲಿ ಅವರಿಬ್ಬರ ಮಾತಿಗಿಂತ ನನ್ನ ಕಿವಿಯ ಮೇಲೇ ನನಗೆ ನಂಬಿಕೆ ಹೆಚ್ಚು. ಅದಕ್ಕೆ ಕಾರಣ ನಾಚಿಕೆಯೇ ಇರಬಹುದು.

ನಾನು ಕರ್ನಾಟಕದಿಂದ ಕೆಲಸಕ್ಕೆಂದು ಕೊಯಮತ್ತೂರಿಗೆ ಬಂದವನು. ಇಲ್ಲಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಯಂತ್ರವಿನ್ಯಾಸ ಕಲಿಸುತ್ತೇನೆ. ಮದುವೆಯಾದದ್ದು ಇಲ್ಲಿಯೇ ತಲೆಮಾರುಗಳಿಂದ ನೆಲೆಸಿರುವ ಕನ್ನಡದ ನೇಕಾರರ ಮನೆಯಲ್ಲಿ. ಅವರ ಮನೆ ಸೋಮನೂರಿನ ಕಡೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಅವರಲ್ಲಿ ಯಾರಿಗೂ ಬರುವುದಿಲ್ಲ. ನಾನು ಈಗ ಬರೆಯುತ್ತಿರುವುದನ್ನು ಮಾವ ಓದಲಾರರು. ಅದು ನನಗೆ ಸಮಾಧಾನ ಕೊಡುತ್ತದೆ ಎಂದು ಹೇಳಿಕೊಳ್ಳಲೂ ಸಂಕೋಚವಾಗುತ್ತದೆ.

ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಾವನ ಪಾವು ಮಿಷಿನ್ ಇದೆ. ಮಗ್ಗಕ್ಕೆ ಉದ್ದಕ್ಕೆ ಏರುವ ನೂಲಿಗೆ ಈ ಕಡೆಯವರು ಪಾವು ಎನ್ನುತ್ತಾರೆ. ನೂರಾರು ಎಳೆಗಳನ್ನು ಸಾಲಾಗಿ ಜೋಡಿಸಿ ಒಂದು ದೊಡ್ಡ ಉರುಳೆಗೆ ಸುತ್ತುವುದು ಆ ಯಂತ್ರದ ಕೆಲಸ. ಮುಚ್ಚಿಹೋದ ಯಾವುದೋ ಮಿಲ್ಲು ಸಾಮಾನುಗಳನ್ನು ಮಾರಿದಾಗ ಮಾವ ಅದನ್ನು ತಂದದ್ದು. ಮೈಮೇಲಿದ್ದ ತಗಡಿನ ಫಲಕದ ಅಕ್ಷರಗಳು ಉಜ್ಜಿಹೋಗಿವೆ. ಬೀದಿಯ ಮಗ್ಗದವರು ನೂಲು ತಂದು ಕೊಡುತ್ತಾರೆ, ಮಾವ ಪಾವು ಓಡಿಸಿ ಕೊಡುತ್ತಾರೆ. ಅವರ ಮಗ, ಅಂದರೆ ನನ್ನ ಭಾವಮೈದುನ, ಮುಂದಿನ ಹಾಲಿನಲ್ಲಿ ಪವರ್‌ಲೂಮ್ ಓಡಿಸುತ್ತಾನೆ. ಶೆಡ್ಡು ಖಾಲಿಯಾದರೆ ಇನ್ನೆರಡು ಮಗ್ಗ ಹಾಕಬಹುದು ಎಂಬುದು ಅವನ ಲೆಕ್ಕ. ಅದೂ ತಪ್ಪು ಲೆಕ್ಕವೇನಲ್ಲ.

ಮಿಷಿನ್ ನಿಂತದ್ದು ಒಂದು ಚಿಕ್ಕ ಗಿಯರಿನಿಂದ. ಮೋಟಾರಿನ ಕಡೆಯ ಶಾಫ್ಟಿನಲ್ಲಿ ಒಂದು ಚಿಕ್ಕ ಹಲ್ಲುಚಕ್ರ, ಅದಕ್ಕೆ ಪಿನಿಯನ್ ಎನ್ನುತ್ತಾರೆ. ಅದು ತಿರುಗಿ ಬೀಡುಕಬ್ಬಿಣದ ಒಂದು ದೊಡ್ಡ ಚಕ್ರವನ್ನು ತಿರುಗಿಸಬೇಕು. ಪಿನಿಯನ್ನಿನ ಹಲ್ಲುಗಳು ಸವೆದು ಸವೆದು ಚಾಕುವಿನಂತಾಗಿದ್ದವು. ನೂಲು ಬಿಗಿಯಾದಾಗ ಒಂದರ ಮೇಲೊಂದು ಜಾರಿ ಉರುಳೆ ಎಗರುತ್ತಿತ್ತು. ಎಗರಿದರೆ ಎಳೆ ತುಂಡಾಗುತ್ತದೆ.

ಅದನ್ನು ಬಿಚ್ಚಿ ಇಟ್ಟಿದ್ದ ಭಾನುವಾರ ನಾವು ಊಟಕ್ಕೆ ಹೋಗಿದ್ದೆವು. ಭಾವಮೈದುನ ಎಲೆಯ ಮುಂದೆ ಕೂತೇ ಹಳೇ ಕಬ್ಬಿಣ ಕೊಳ್ಳುವ ಗುಜರಿಯವನ ವಿಷಯ ತೆಗೆದ.

“ಬಾವ, ನೀವೇ ನ್ಯಾಯ ಸೊಲ್ಲಿ. ಪಳೇ ಇರುಂಬುಕಾರ ಬಂದು ನೋಡ್ಕೊಂಡೇ ಹೋದ. ಅಪ್ಪ ಅವನ್ನ ಗೇಟ್ ಕಿಟ್ಟೇನೇ ನಿಲ್ಸಿ ಮಾತಾಡ್ತಾರೆ, ಹೆಣ್ಣು ಕೇಳಕ್ಕೆ ಬಂದವನ ಥರ!”

“ಅವನು ನೋಡಿದ್ದು ಮಿಷಿನ್ ಅಲ್ಲ ಕಣೋ, ತೂಕ,” ಎಂದರು ಮಾವ. “ತೂಕಕ್ಕೆ ಹಾಕಕ್ಕೆ ನಿನ್ನನ್ನೂ ಹಾಕ್ಬೌದು. ಚೆನ್ನಾಗೇ ಬತ್ತೈತೆ.”

ಅತ್ತೆ ನಕ್ಕರು. ಭಾವಮೈದುನನೂ ನಕ್ಕ, ಆದರೆ ಬಿಡಲಿಲ್ಲ. “ಸರಿ. ಒಂದೇ ಒಂದು ಗಿಯರ್ ಮಾಡ್ಸಿ. ಓಡ್ತಾ, ಇರ್ಲಿ, ನಾನು ಬಾಯಿ ತೆರೆಯಲ್ಲ. ಓಡ್ಲಿಲ್ವಾ, ಇರುಂಬುಕಾರನಿಗೆ ಫೋನ್ ಹಾಕ್ತೀನಿ. ಸಮ್ಮತಾನಾ?”

“ಸಮ್ಮತಂ,” ಎಂದರು ಮಾವ. ಹೇಳಿ ನನ್ನ ಕಡೆ ನೋಡಿದರು. “ಮಾಪಿಳ್ಳೆ ಇದಾರಲ್ಲ.”

ಅಳಿಯನಿಗೆ ಇಲ್ಲಿ ಮಾಪಿಳ್ಳೆ ಎನ್ನುತ್ತಾರೆ. ಆ ಶಬ್ದ ಬಂದ ಕೂಡಲೇ ನನ್ನ ಎಲೆಗೆ ಇನ್ನೊಂದು ಸಲ ತುಪ್ಪ ಬೀಳುತ್ತದೆ, ಕುರ್ಚಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ಕುರ್ಚಿ ಬರುತ್ತದೆ. ನನ್ನ ಕಡೆ ಅಳಿಯನನ್ನು ಇಷ್ಟು ಎತ್ತಿ ಕೂರಿಸುವುದಿಲ್ಲ. ಆದರೆ ಅದಕ್ಕೆ ನಾನು ಬೇಗ ಒಗ್ಗಿದೆ.

ಊಟವಾದ ಮೇಲೆ ಶೆಡ್ಡಿಗೆ ಹೋಗಿ ಪಿನಿಯನ್ ಎತ್ತಿಕೊಂಡೆ. ಎತ್ತಿದ್ದೇ ತಡ, ಬೆರಳು ಕುಯ್ದುಕೊಂಡಿತು. ಹೆಚ್ಚೇನಲ್ಲ. ರಕ್ತ ಬಂತು ಎಂದು ನೆನಪು. ಹೆಂಡತಿ ಬರಲಿಲ್ಲ ಎನ್ನುತ್ತಾಳೆ. ಅತ್ತೆ ಅರಿಶಿನ ತಂದರು. ಮಾವ ನನ್ನ ಕೈ ಹಿಡಿದು, “ಅಯ್ಯಯ್ಯೋ, ಮೊದಲ್ನೇ ಸೊಲ್ಲಬೇಕಾಗಿತ್ತು, ಬ್ಲೇಡ್ ಥರ ಆಗೈತೆ,” ಎಂದು ಎರಡು ಮೂರು ಸಲ ಹೇಳಿದರು. ನನ್ನ ಕೈ ಕುಯ್ದದ್ದು ಅವರದೇ ತಪ್ಪು ಎಂಬಂತೆ ಅವರ ಮುಖ ಇತ್ತು. ನಾನು ಪರವಾಗಿಲ್ಲ ಎಂದೆ. ವಾರದ ದಿನ ಕೊಯಮತ್ತೂರಿನ ಕುರಿಚಿಗೆ ತನ್ನಿ, ಅಲ್ಲಿ ಗಿಯರ್ ಕಟ್ ಮಾಡುವವರ ಪರಿಚಯ ಇದೆ, ನಾನು ಕಾಲೇಜಿನಿಂದ ಅಳೆಯುವ ವರ್ನಿಯರ್ ತರುತ್ತೇನೆ ಎಂದೆ.

ಅವರು ಬಸ್ಸಿನಲ್ಲಿ ತಂದರು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಅದನ್ನು ಬಟ್ಟೆ ಅಂಗಡಿಯ ಚೀಲದಲ್ಲಿಟ್ಟು ಎದೆಗೆ ಒತ್ತಿಕೊಂಡಿದ್ದರು. ಬಿಚ್ಚಿದರೆ ಪಿನಿಯನ್ ಹೊಳೆಯುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ತಂತಿಯ ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ ತಂದಿದ್ದರು. “ನಿಮ್ಮ ಫ್ರೆಂಡ್ ಅಂಗಡಿಗೆ ಅಳುಕ್ಕಾಗಿ ತರಕ್ಕಾಗತ್ತಾ?” ಎಂದರು. ಅಳುಕ್ಕು ಎಂದರೆ ಕೊಳೆ. ಕೈಗೆ ತೆಗೆದುಕೊಂಡಾಗ ಅದು ಈ ಸಲ ಕುಯ್ಯಲಿಲ್ಲ. ಅದನ್ನು ನಾನು ಆಗ ಗಮನಿಸಿರಲಿಲ್ಲ. ಅಥವಾ ಗಮನಿಸಿ ಮರೆತೆ.

ನಾವು ಮಾಡಬೇಕಾಗಿದ್ದ ಲೆಕ್ಕ ಸರಳ. ಎರಡು ಹಲ್ಲುಚಕ್ರಗಳು ಒಂದರೊಳಗೊಂದು ಸರಿಯಾಗಿ ಕೂರಬೇಕಾದರೆ ಎರಡರ ಹಲ್ಲೂ ಒಂದೇ ಗಾತ್ರದ್ದಿರಬೇಕು. ಆ ಗಾತ್ರವನ್ನು ಹೇಳುವ ಸಂಖ್ಯೆಗೆ ಮಾಡ್ಯೂಲ್ ಎನ್ನುತ್ತಾರೆ. ಹಲ್ಲುಗಳು ತಾಗುವ ಕಲ್ಪನೆಯ ವೃತ್ತವೊಂದಿದೆ. ಅದರ ವ್ಯಾಸ ಮಾಡ್ಯೂಲನ್ನು ಹಲ್ಲಿನ ಎಣಿಕೆಯಿಂದ ಗುಣಿಸಿದಷ್ಟು. ಹಲ್ಲಿನ ತುದಿ ಆ ವೃತ್ತದಿಂದ ಹೊರಕ್ಕೆ ಒಂದು ಮಾಡ್ಯೂಲಿನಷ್ಟು ಎದ್ದಿರುತ್ತದೆ, ಈ ಬದಿಗೆ ಒಂದು, ಎದುರು ಬದಿಗೆ ಒಂದು. ಆದ್ದರಿಂದ ಚಕ್ರದ ಹೊರವ್ಯಾಸ ಅಳೆದು, ಹಲ್ಲು ಎಣಿಸಿ, ಎಣಿಕೆಗೆ ಎರಡು ಕೂಡಿಸಿ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ. ಸವೆದ ಚಕ್ರದಲ್ಲಿ ಸರಿಯಾಗಿ ಸಿಗುವುದಿಲ್ಲ, ಹತ್ತಿರ ಸಿಗುತ್ತದೆ. ಮಾಡ್ಯೂಲ್‌ಗಳು ಬಳಕೆಯಲ್ಲಿ ಎರಡು, ಎರಡೂವರೆ, ಮೂರು ಎಂದು ಗೊತ್ತಾದ ಸಂಖ್ಯೆಗಳಲ್ಲೇ ಇರುವುದರಿಂದ ಹತ್ತಿರದ್ದನ್ನು ಆರಿಸುತ್ತೇವೆ. ಇದನ್ನು ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ.

ಅಂಗಡಿಯ ಯಜಮಾನ ನನ್ನ ವಯಸ್ಸಿನವನು, ತಮಿಳಿನವನು, ಮಾತಿನ ಮಲ್ಲ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ನಾನು ಎಣಿಸಿದೆ, ಅವನೂ ಎಣಿಸಿದ, ಮಾವನೂ ತುಟಿ ಆಡಿಸಿದರು. ಇಪ್ಪತ್ತು. ಮೂವರದೂ ಇಪ್ಪತ್ತೇ. ಎಣಿಕೆ ಸಮಸಂಖ್ಯೆಯಾದ್ದರಿಂದ ಒಂದು ಹಲ್ಲಿನ ಎದುರು ಇನ್ನೊಂದು ಹಲ್ಲೇ ಇರುತ್ತದೆ, ವರ್ನಿಯರಿನ ದವಡೆಗಳನ್ನು ನೇರವಾಗಿ ಹಿಡಿಯಬಹುದು. ಹಿಡಿದೆ. ಐವತ್ತೈದು ಮಿಲಿಮೀಟರ್.

ಐವತ್ತೈದನ್ನು ಇಪ್ಪತ್ತೆರಡರಿಂದ ಭಾಗಿಸಿದರೆ ಎರಡೂವರೆ. ಶೇಷವಿಲ್ಲ.

“ಲಡ್ಡು ಥರ ಬಂದುಬಿಟ್ಟಿತು ಸಾರ್!” ಎಂದು ಯಜಮಾನ ತಮಿಳಿನಲ್ಲಿ ಕೂಗಿದ. “ಎರಡೂವರೆ ಮಾಡ್ಯೂಲ್. ದಿನಕ್ಕೆ ಹತ್ತು ಕಟ್ ಮಾಡ್ತೀವಿ.”

ಅಷ್ಟು ಸವೆದ ಗಿಯರು ಅಷ್ಟು ಚೊಕ್ಕ ಉತ್ತರ ಕೊಡಬಾರದು ಎಂದು ನನಗೆ ಅನಿಸಬೇಕಿತ್ತು. ಹೊಸದಿದ್ದಾಗ ಎರಡೂವರೆ ಮಾಡ್ಯೂಲಿನ ಇಪ್ಪತ್ತು ಹಲ್ಲಿನ ಚಕ್ರ ಸರಿಯಾಗಿ ಐವತ್ತೈದು ಇರುತ್ತದೆ. ಹಲ್ಲು ಚಾಕುವಾಗುವಷ್ಟು ಸವೆದ ಮೇಲೂ ಐವತ್ತೈದೇ ಇದೆ ಎಂದರೆ ಅದು ಮೊದಲು ಐವತ್ತೈದಕ್ಕಿಂತ ದೊಡ್ಡದಿತ್ತು ಎಂದೇ ಅರ್ಥ. ಎಲ್ಲವನ್ನೂ ಅನುಮಾನಿಸುವವನು ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಗೇಲಿ ಮಾಡುತ್ತಾರೆ. ಆ ಚೊಕ್ಕ ಸಂಖ್ಯೆಯನ್ನು ಮಾತ್ರ ನಾನು ಅನುಮಾನಿಸಲಿಲ್ಲ. ದೊಡ್ಡ ಚಕ್ರವನ್ನೂ ಅಳೆದು ತಾಳೆ ನೋಡಬಹುದಿತ್ತು. ಅದು ಸೋಮನೂರಿನಲ್ಲಿ ಮಿಷಿನ್ನಿನ ಮೇಲೇ ಇತ್ತು, ನನ್ನ ವರ್ನಿಯರು ಚಿಕ್ಕದು, ಅಷ್ಟು ಅಗಲಕ್ಕೆ ತೆರೆಯುವುದಿಲ್ಲ. ಇವೆಲ್ಲ ನೆಪಗಳು. ಮಾವ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಉತ್ತರ ನನ್ನ ಕೈಯಲ್ಲಿ ಸಲೀಸಾಗಿ ಬಂದದ್ದು ಅವರಿಗೆ ಎಷ್ಟು ಹಿಗ್ಗು ತಂದಿತ್ತು ಎಂದರೆ ಯಜಮಾನನಿಗೆ, “ಕಾಲೇಜ್‌ನಲ್ಲಿ ಪ್ರೊಫೆಸರ್, ನಮ್ಮ ಮಾಪಿಳ್ಳೆ,” ಎಂದು ತಮಿಳಿನಲ್ಲಿ ಎರಡನೇ ಸಲ ಪರಿಚಯ ಮಾಡಿಕೊಟ್ಟರು.

ಹೊಸ ಪಿನಿಯನ್ ಬಂತು. ಹೊಸ ಉಕ್ಕು, ಹಲ್ಲುಗಳು ಅಚ್ಚುಕಟ್ಟು. ಮಾವ ಅದಕ್ಕೆ ಅರಿಶಿನ ಕುಂಕುಮ ಇಟ್ಟರು. ಶಾಫ್ಟಿಗೆ ಏರಿಸಿ, ಕೀಲಿ ಹೊಡೆದು, ಮೋಟಾರು ಹಾಕಿದರು.

ಗರಗರ ಎಂದು ಶುರುವಾಯಿತು. ಮೊದಲು ಎಲ್ಲರೂ ಹೊಸದು, ಹೊಂದಿಕೊಳ್ಳುತ್ತದೆ ಎಂದುಕೊಂಡೆವು. ಹೊಂದಿಕೊಳ್ಳಲಿಲ್ಲ. ಶಬ್ದ ಜೋರಾಯಿತು, ಇಡೀ ಚೌಕಟ್ಟು ನಡುಗತೊಡಗಿತು. ಮಾವ ಬಗ್ಗಿ ದೊಡ್ಡ ಚಕ್ರದ ಕೆಳಗೆ ಕೈ ಒಡ್ಡಿದರು. ಅಂಗೈಗೆ ಕಪ್ಪು ಪುಡಿ ಬಿತ್ತು. ಗಟ್ಟಿ ಉಕ್ಕಿನ ಹೊಸ ಹಲ್ಲು ಬೀಡಿನ ಹಳೆಯ ಹಲ್ಲನ್ನು ತಿನ್ನುತ್ತಿತ್ತು.

“ನಿಲ್ಸು! ನಿಲ್ಸೋ!” ಎಂದು ಮಾವ ಕೂಗಿದರು. ಭಾವಮೈದುನ ಸ್ವಿಚ್ಚು ತೆಗೆದ.

ದೊಡ್ಡ ಚಕ್ರ ಹೋದರೆ ಮಿಷಿನ್ನೇ ಹೋದಂತೆ. ಪಿನಿಯನ್ನನ್ನು ಇನ್ನೊಂದು ಮಾಡಿಸಬಹುದು, ಅದಕ್ಕೆ ಜೋಡಿಯಾದ ಬೀಡಿನ ಚಕ್ರವನ್ನು ಮಾಡಿಸುವವರು ಯಾರು? ಅದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಭಾವಮೈದುನ ಏನಾದರೂ ಗೇಲಿ ಮಾಡುತ್ತಾನೆ ಎಂದು ಕಾದೆ. ಅವನು ಮಾಡಲಿಲ್ಲ, ಅಪ್ಪನ ಕೈಯಲ್ಲಿದ್ದ ಪುಡಿಯನ್ನು ನೋಡುತ್ತಿದ್ದ.

ಕಿಟಕಿಯ ಮೇಲೆ ಹಳೆಯ ಪಿನಿಯನ್ ಇತ್ತು. ಏನೋ ಮಾಡಬೇಕಲ್ಲ ಎಂದು ಅದನ್ನು ಎತ್ತಿಕೊಂಡೆ. ಬೆರಳು ಆಡಿಸಿದೆ. ಆಗ ಹೊಳೆಯಿತು, ಇದು ಕುಯ್ಯುತ್ತಿತ್ತಲ್ಲ! ಅಂಚುಗಳಲ್ಲಿ ಅರದ ಗೆರೆಗಳು ಕಂಡವು. ಅರ ಹಾಕಿದ್ದಾರೆ, ಹಲ್ಲು ಗಿಡ್ಡವಾಗಿದೆ, ಅದಕ್ಕೇ ಹೊರವ್ಯಾಸ ಕಡಿಮೆ ಬಂದಿದೆ, ಅದಕ್ಕೇ ಲೆಕ್ಕ ತಪ್ಪಿದೆ ಎಂದು ಎಲ್ಲವೂ ಒಂದರ ಹಿಂದೊಂದು ಸಾಲಾಗಿ ಬಂತು. ಆ ಕ್ಷಣದಲ್ಲಿ ನನಗಾದದ್ದು ಬಿಡುಗಡೆ. ತಪ್ಪು ನನ್ನ ಲೆಕ್ಕದ್ದಲ್ಲ. ಇದನ್ನು ಬರೆಯುವುದು ಕಷ್ಟ, ಆದರೆ ದನಿಯ ಬಗ್ಗೆ ಅನುಮಾನವಿದ್ದರೂ ಈ ಬಿಡುಗಡೆಯ ಬಗ್ಗೆ ನನಗೆ ಅನುಮಾನವಿಲ್ಲ.

“ಇದಕ್ಕೆ ಅರ ಹಾಕಿದ್ದು ಯಾರು?” ಎಂದೆ. ಹೇಗೆ ಹೇಳಿದೆ ಎಂಬುದೇ ಪ್ರಶ್ನೆ.

ಮಾವ ಅಂಗೈಯ ಪುಡಿಯನ್ನು ಲುಂಗಿಗೆ ಒರೆಸಿಕೊಂಡರು.

“ನಾನೇ ಮಾಪಿಳ್ಳೆ,” ಎಂದರು. “ಕೊಂಚ. ಅವತ್ತು ನಿಮ್ಮ ಕೈ ಕುಯ್ದಿತ್ತಲ್ಲ. ತಿರುಪ್ಪಿ ಇನ್ನೊಂದ್ ಸಲ ನೀವು ಎತ್ತೋವಾಗ ಕುಯ್ಬಾರ್ದು ಅಂತ ಅರ ಎಳ್ದೆ.”

“ಅಳತೆ ಮಾಡುವ ಗಿಯರಿಗೆ ಅರ ಹಾಕಬಾರದು ಮಾವ. ತುದಿ ಹೋದರೆ ಲೆಕ್ಕವೇ ಹೋಯಿತು.”

“ತಪ್ಪಾಯ್ತು.”

ಅವರು ಹಾಗೆ ಹೇಳಿದರು ಎಂದು ನನ್ನ ನೆನಪು. ಹೆಂಡತಿಯ ಪ್ರಕಾರ ಹೇಳಿದ್ದು, “ಗೊತ್ತಾಗ್ಲಿಲ್ಲ” ಎಂದು. ಭಾವಮೈದುನನ ಪ್ರಕಾರ ಏನೂ ಹೇಳಲಿಲ್ಲ. ಅದರ ನಂತರದ ಮಾತು ಮಾತ್ರ ಮೂವರಿಗೂ ಒಂದೇ ಥರ ನೆನಪಿದೆ. ಮಾವ ಮಗನ ಕಡೆ ತಿರುಗಿ, “ಇರುಂಬುಕಾರನಿಗೆ ಫೋನ್ ಹಾಕು. ಸಮ್ಮತಂ ಅಂದಿದ್ದೆನಲ್ಲ,” ಎಂದರು. ಹೇಳಿ ಹಿತ್ತಲಿನ ನಲ್ಲಿಯ ಕಡೆಗೆ ಹೋಗಿ ಕೈ ತೊಳೆಯುತ್ತಾ ನಿಂತರು. ತುಂಬ ಹೊತ್ತು ತೊಳೆದರು.

ಭಾವಮೈದುನ ಫೋನನ್ನು ಜೇಬಿನಿಂದ ತೆಗೆದ. ಒಂದು ಗಳಿಗೆ ಅದನ್ನೇ ನೋಡಿದ. ಮತ್ತೆ ಒಳಗಿಟ್ಟ.

“ಬಾವ, ಆ ಎರಡೂವರೆ ತಪ್ಪಾದ್ರೆ ಸರಿ ಎಷ್ಟು?”

“ಗೊತ್ತಿಲ್ಲ. ದೊಡ್ಡ ಚಕ್ರವನ್ನು ಅಳೆಯಬೇಕು.”

“ಅಳೀರಿ ಹಂಗಾದ್ರೆ. ಇನ್ನೊಂದ್ ಗಿಯರ್ ಮಾಡ್ಸೋಣ. ಅಪ್ಪನಿಗೆ ನಾನು ಸೊಲ್ಲಿಕ್ಕೊತೀನಿ.” ನನ್ನ ಮುಖ ನೋಡಿ, ದನಿ ತಗ್ಗಿಸಿ ಹೇಳಿದ, “ಒಂದೇ ಅಂದಿದ್ದು ನಾನು ತಮಾಷೆಗೆ. ಅಪ್ಪ ನಿಜ ಅಂದ್ಕೊಂಡಿದಾರೆ.”

ಅದು ತಮಾಷೆಗೆ ಹೇಳಿದ ಮಾತಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ.

ಮರುದಿನ ಕಾಲೇಜಿನಿಂದ ಉದ್ದನೆಯ ವರ್ನಿಯರನ್ನು ತಂದೆ. ಭಾವಮೈದುನ ದೊಡ್ಡ ಚಕ್ರವನ್ನು ಬಿಚ್ಚಿ ಚಾಪೆಯ ಮೇಲೆ ಇಟ್ಟಿದ್ದ. ಅದೃಷ್ಟಕ್ಕೆ ಅದಕ್ಕೆ ಹೆಚ್ಚು ಪೆಟ್ಟಾಗಿರಲಿಲ್ಲ, ಹಲ್ಲಿನ ಮೈ ಒಂದಿಷ್ಟು ಉಜ್ಜಿತ್ತು ಅಷ್ಟೆ. ಮಾವ ಬಾಗಿಲಲ್ಲಿ ನಿಂತಿದ್ದರು, ಒಳಗೆ ಬರಲಿಲ್ಲ. ಕರೆದರೆ, “ನೀವು ನೋಡಿ ಮಾಪಿಳ್ಳೆ, ನಾನು ಮುಟ್ಟಲ್ಲ,” ಎಂದರು.

ಎಂಬತ್ತು ಹಲ್ಲು. ದೊಡ್ಡ ಚಕ್ರದ ಒಂದೊಂದು ಹಲ್ಲಿಗೆ ಸರದಿ ಬರುವುದು ಪಿನಿಯನ್ನಿನ ಹಲ್ಲಿಗಿಂತ ಕಡಿಮೆ. ಪಿನಿಯನ್ ನಾಲ್ಕು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಹಾಗಾಗಿ ಇದರ ತುದಿಗಳು ಇನ್ನೂ ಚಪ್ಪಟೆಯಾಗಿ, ಅಗಲವಾಗಿ ಇದ್ದವು. ಅಳತೆಯಲ್ಲಿ ಚೂರು ತಪ್ಪಿದರೂ ಭಾಗಿಸುವ ಸಂಖ್ಯೆ ದೊಡ್ಡದಿರುವುದರಿಂದ ಉತ್ತರದಲ್ಲಿ ಆ ತಪ್ಪು ಕರಗಿಹೋಗುತ್ತದೆ. ಹೊರವ್ಯಾಸ ಇನ್ನೂರೆಂಟು ಚಿಲ್ಲರೆ, ಸರಿಯಾಗಿ ಹೇಳಬೇಕೆಂದರೆ 208.1. ಎಂಬತ್ತೆರಡರಿಂದ ಭಾಗಿಸಿದರೆ 2.538.

ಈ ಸಲ ಉತ್ತರ ಚೊಕ್ಕವಾಗಿರಲಿಲ್ಲ. ಎರಡೂವರೆ ಮಾಡ್ಯೂಲಿನದಾಗಿದ್ದರೆ ಈ ಚಕ್ರ ಹೊಸದಿದ್ದಾಗಲೂ ಇನ್ನೂರೈದೇ ಇರಬೇಕು. ಲೋಹ ಸವೆದು ಚಿಕ್ಕದಾಗುತ್ತದೆಯೇ ಹೊರತು ಬೆಳೆಯುವುದಿಲ್ಲ. ಆಗ ತಲೆಗೆ ಹೋಯಿತು, ಇದು ಇಂಗ್ಲೆಂಡಿನ ಹಳೆಯ ಯಂತ್ರ, ಮಿಲಿಮೀಟರಿನದೇ ಅಲ್ಲ. ಅವರು ಹಲ್ಲಿನ ಗಾತ್ರವನ್ನು ತಿರುವುಮುರುವಾಗಿ ಹೇಳುತ್ತಿದ್ದರು, ಒಂದು ಇಂಚು ವ್ಯಾಸಕ್ಕೆ ಎಷ್ಟು ಹಲ್ಲು ಎಂದು. ಅದಕ್ಕೆ ಡಿಪಿ ಎನ್ನುತ್ತಾರೆ. ಇಂಚಿಗೆ ಹತ್ತು ಹಲ್ಲು ಎಂದರೆ 25.4ನ್ನು ಹತ್ತರಿಂದ ಭಾಗಿಸಿ 2.54. ಎರಡೂವರೆಯ ಪಕ್ಕದ ಮನೆ. ಹತ್ತು ಡಿಪಿಯ ಇಪ್ಪತ್ತು ಹಲ್ಲಿನ ಪಿನಿಯನ್ ಹೊಸದಿದ್ದಾಗ 55.88 ಮಿಲಿಮೀಟರ್ ಇದ್ದಿರಬೇಕು. ಸುತ್ತಲೂ ಅರ್ಧ ಮಿಲಿಮೀಟರು ಕೂಡ ಅಲ್ಲದಷ್ಟು ಕಳೆದುಕೊಂಡು ಅದು ನನ್ನ ಮುಂದೆ ಐವತ್ತೈದಾಗಿ ಬಂದು ನಿಂತಿತ್ತು.

ಖಚಿತ ಮಾಡಿಕೊಳ್ಳಲು ಎರಡು ಶಾಫ್ಟುಗಳ ನಡುವಿನ ದೂರವನ್ನೂ ಅಳೆದೆ. ನೂರಿಪ್ಪತ್ತೇಳು ಮಿಲಿಮೀಟರ್. ಐದು ಇಂಚು.

“ಹತ್ತು ಡಿಪಿ,” ಎಂದೆ.

“ಸರಿ ಮಾಪಿಳ್ಳೆ,” ಎಂದರು ಮಾವ ಬಾಗಿಲಿಂದ. ಎರಡೂವರೆ ಎಂದಾಗಲೂ ಅವರು ಸರಿ ಎಂದಿದ್ದರು. ಆದರೆ ಆಗ ಅದರಲ್ಲಿ ಹಿಗ್ಗಿತ್ತು.

ಈ ಸಲ ಕುರಿಚಿಗೆ ದೊಡ್ಡ ಚಕ್ರವನ್ನೂ ಒಯ್ದೆವು. ಯಜಮಾನ ತಲೆ ಚಚ್ಚಿಕೊಂಡ. “ಲಡ್ಡು ಅಂದೆನಲ್ಲ ಸಾರ್ ನಾನೂ! ನನ್ನ ಬಾಯಿಗೆ ಮಣ್ಣು.” ಕಪಾಟಿನ ಹಿಂದಿನಿಂದ ಅವನ ತಂದೆಯ ಕಾಲದ ಹತ್ತು ಡಿಪಿ ಕಟರೊಂದನ್ನು ಹುಡುಕಿ ತೆಗೆದ. ಹಳೆಯ ಇಂಚಿನ ಹಲ್ಲುಗಳ ಇಳಿಜಾರೂ ಈಗಿನದಕ್ಕಿಂತ ಬೇರೆ. ಕಟರನ್ನು ದೊಡ್ಡ ಚಕ್ರದ ಹಲ್ಲಿನ ಸಂದಿಗೆ ಹಿಡಿದು ಬೆಳಕಿಗೆ ನೋಡಿ, ಅದೂ ಕೂರುತ್ತದೆ ಎಂದ. ಕಟ್ ಮಾಡಿ ಕೊಟ್ಟ.

ಮಿಷಿನ್ ಓಡಿತು. ಈಗಲೂ ಓಡುತ್ತಿದೆ. ಶಬ್ದವೇ ಇಲ್ಲವೆನ್ನುವಷ್ಟು ಮೆತ್ತಗೆ. ಭಾವಮೈದುನ ಇರುಂಬುಕಾರನಿಗೆ ಫೋನ್ ಮಾಡಲಿಲ್ಲ. ಮಾವನಿಗೆ ಮಿಷಿನ್ ಉಳಿಯಿತು, ಬೀದಿಯವರು ನೂಲು ತರುತ್ತಾರೆ. ನಮ್ಮ ಕಡೆಯ ನೆಂಟರು ಬಂದಾಗ ಅತ್ತೆ ಇದನ್ನು ಅಳಿಯನ ಸಾಹಸವಾಗಿ ಹೇಳುತ್ತಾರೆ: ಎಲ್ಲರೂ ಕೈಬಿಟ್ಟ ಮಿಷಿನ್ನನ್ನು ಮಾಪಿಳ್ಳೆ ಅಳತೆ ಮಾಡಿಯೇ ಎಬ್ಬಿಸಿದರು ಎಂದು. ಮೊದಲ ಗಿಯರು ಆ ಕಥೆಯಲ್ಲಿಲ್ಲ. ಅಪರೂಪಕ್ಕೆ ಇದ್ದರೂ, “ನಮ್ಮವರು ಅರ ಹಾಕಿ ಕೆಡಿಸಿದ್ರು, ಇವರು ಕಂಡುಹಿಡಿದ್ರು,” ಎಂದು ಬರುತ್ತದೆ. ಮಾವ ಪಕ್ಕದಲ್ಲೇ ಕೂತು ನಗುತ್ತಾ ತಲೆಯಾಡಿಸುತ್ತಾರೆ.

ಆದರೆ ಈಗ ಒಂದು ಹೊಸ ಅಭ್ಯಾಸ ಶುರುವಾಗಿದೆ. ಮಿಷಿನ್ನಿನ ಯಾವುದಾದರೂ ಭಾಗ ಕೆಟ್ಟು ನನಗೆ ತೋರಿಸಬೇಕಾದರೆ ಮಾವ ಅದನ್ನು ತೊಳೆಯುವುದಿಲ್ಲ. ಗ್ರೀಸು, ನೂಲಿನ ಧೂಳು, ತುಕ್ಕು ಎಲ್ಲವೂ ಇದ್ದ ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತರುತ್ತಾರೆ. ಹರಿತವಾದ ಕಡೆ ಬಟ್ಟೆ ಸುತ್ತಿರುತ್ತಾರೆ. ಕೈಗೆ ಕೊಡುವಾಗ ಪ್ರತಿ ಸಲವೂ, “ನಾನು ಏನೂ ಮುಟ್ಟಿಲ್ಲ ಮಾಪಿಳ್ಳೆ, ಇದ್ದಂಗೇ ಅಪ್ಪಡಿಯೇ ಐತೆ,” ಎನ್ನುತ್ತಾರೆ. ಒಮ್ಮೆ ನಾನು, “ತೊಳೆದೇ ತನ್ನಿ ಮಾವ,” ಎಂದೆ. “ಬೇಡ ಬೇಡ, ಲೆಕ್ಕ ಹೋಗಿಬಿಡ್ತದೆ,” ಎಂದರು. ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹಳೆಯ ಪಿನಿಯನ್ ನನ್ನ ಮೇಜಿನ ಮೇಲಿದೆ. ವಿದ್ಯಾರ್ಥಿಗಳಿಗೆ ತೋರಿಸಲು ಕೇಳಿ ತಂದುಕೊಂಡೆ. ಸವೆದ ಗಿಯರನ್ನು ಅಳೆಯುವ ಮೊದಲು ಯಾರೂ ಅರ ಹಾಕಿಲ್ಲ ಎಂದು ಖಚಿತ ಮಾಡಿಕೊಳ್ಳಿ ಎಂದು ತರಗತಿಯಲ್ಲಿ ಒಂದು ವರ್ಷ ಅದನ್ನು ಕೈಯಿಂದ ಕೈಗೆ ಕಳಿಸಿದೆ. ಮರುವರ್ಷ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, “ಸಾರ್, ಅರ ಎಷ್ಟು ತೆಗೆದಿದೆ ಅಂತ ಅಳೆದಿದ್ದೀರಾ?” ಎಂದಳು. ಅಳೆದಿರಲಿಲ್ಲ. ಅಳೆಯದೇ ಹೇಳಿದ್ದೆ, ಶೆಡ್ಡಿನಲ್ಲೂ, ತರಗತಿಯಲ್ಲೂ. ಎರಡೂವರೆಯನ್ನು ನಂಬಿದ ಹಾಗೆಯೇ ಅರವನ್ನೂ ನಂಬಿದ್ದೆ. ಎರಡೂ ಉತ್ತರಗಳು ಚೊಕ್ಕವಾಗಿದ್ದವು.

ಆಮೇಲೆ ಅಳೆದೆ. ಕಂಡದ್ದನ್ನು ಸೋಮನೂರಿಗೆ ಹೋಗಿ ಮಾವನಿಗೆ ಹೇಳಿದೆ. ಅವರು ಪಾವು ಓಡಿಸುತ್ತಿದ್ದರು. ನಿಲ್ಲಿಸದೇ ಕೇಳಿಸಿಕೊಂಡರು. ತುಂಡಾದ ಎಳೆಯೊಂದನ್ನು ಹುಡುಕಿ ಗಂಟು ಹಾಕಿದರು.

“ಇರ್ಲಿ ಬಿಡಿ ಮಾಪಿಳ್ಳೆ,” ಎಂದರು. “ನೀವು ದೊಡ್ಡ ಮನಸ್ಸಿನವರು. ನನಗೆ ಬೇಜಾರಾಗ್ಬಾರ್ದು ಅಂತ ಸೊಲ್ತೀರಿ.”

“ಇಲ್ಲ ಮಾವ, ನಿಜವಾಗಿ ಅಳೆದು ನೋಡಿದೆ.”

“ಸರಿ, ಸರಿ. ಕಾಫಿ ಕುಡೀರಿ.”

ಅಳಿಯ ಹೇಳಿದ್ದಕ್ಕೆ ಎದುರಾಡಬಾರದು, ಅಳಿಯ ಮಾಡುವ ಉಪಚಾರವನ್ನು ಹೌದೆಂದು ನಂಬಲೂಬಾರದು. ಅವರ ಮರ್ಯಾದೆ ಎರಡನ್ನೂ ಒಟ್ಟಿಗೇ ಪಾಲಿಸಿತು. ನಾನು ಕಾಫಿ ಕುಡಿದು ಬಂದೆ.

ಅವರಿಗೆ ನಂಬಿಸಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ. ಶೆಡ್ಡಿನಲ್ಲಿ ಯಾರು ಏನು ಹೇಳಿದರು ಎಂಬುದರ ಬಗ್ಗೆ ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ಇದನ್ನು ನಂಬಬಹುದು, ಯಾಕೆಂದರೆ ಭೂತಗನ್ನಡಿಯ ಕೆಳಗಿಟ್ಟು ಒಂದೊಂದು ಹಲ್ಲನ್ನೂ ನೋಡಿದ್ದೇನೆ. ಅರದ ಗೆರೆಗಳಿರುವುದು ಹಲ್ಲಿನ ಎರಡು ಬದಿಯ ಮೂಲೆಗಳಲ್ಲಿ ಮಾತ್ರ, ಎತ್ತಿಕೊಳ್ಳುವವನ ಬೆರಳು ತಾಗುವ ಕಡೆ. ನಡುವಿನ ತುದಿಯನ್ನು ಅರ ಮುಟ್ಟೇ ಇಲ್ಲ, ಸವೆತದ ಹಳೆಯ ಹೊಳಪೂ ಕಪ್ಪು ಚುಕ್ಕೆಗಳೂ ಇದ್ದ ಹಾಗೆಯೇ ಇವೆ, ಮತ್ತು ಅಲ್ಲಿ, ಎದುರುಬದುರು ಹಲ್ಲುಗಳ ಆ ನಡುವಿನ ತುದಿಗಳ ಮೇಲೆ ಹಿಡಿದರೆ, ಹೊರವ್ಯಾಸ, ಅರ ಹಾಕದೇ ಇದ್ದಿದ್ದರೂ ಸಿಗುತ್ತಿದ್ದ ಅದೇ ಐವತ್ತೈದು ಮಿಲಿಮೀಟರ್.